ಬಾಟಲಿಯೋ, ಬಾಳೆಲೆಯೋ?

ಶಿರಸಿ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಹಿರಿಸೊಸೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ನೆಂಟರು, ನೆಂಟರ ನೆಂಟರು ಎಂದು ಇಷ್ಟು ವರ್ಷ ನಡೆದ ವ್ಯಾಪಾರವನ್ನು ಈ ಸಲ ಬೆಂಗಳೂರು, ಮೈಸೂರು, ಪುಣೆವರೆಗೆ ಮುಟ್ಟಿಸಬೇಕೆಂದು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಹಾಕಲು ಹೊರಟಿದ್ದಾರೆ. ದುಡ್ಡು ತೆಗೆದಿಟ್ಟಾಗಿದೆ. ಜಗಳ ಎದ್ದಿರುವುದು ಫೋಟೊದ ವಿಷಯಕ್ಕೆ. ಬಾಟಲಿ ಚೆನ್ನಾಗಿ ಕಾಣಬೇಕು, ಲೇಬಲ್ ಓದಲು ಬರಬೇಕು ಎನ್ನುವುದು ಅವರ ಪಟ್ಟು. ಮೈದುನ ಒಪ್ಪುವುದಿಲ್ಲ. “ಅತ್ತಿಗೆ, ಬಾಟಲಿ ನೋಡಿ ಯಾರ ಬಾಯಲ್ಲಿ ನೀರು ಬರುತ್ತೆ? ಬಾಳೆಲೆ ಮೇಲೆ ಮೊಸರನ್ನ ಹಾಕಿ, ಪಕ್ಕದಲ್ಲಿ ಒಂದು ಮಿಡಿ ಇಡಿ” ಎನ್ನುತ್ತಾನೆ. “ಹಾಗೆ ಮಾಡಿದ್ರೆ ನಾವು ಮೊಸರನ್ನ ಮಾರ್ತೀವಿ ಅಂದ್ಕೋತಾರೆ ಮಾರಾಯ” ಎಂದು ಅವರ ಉತ್ತರ. ಕಾಲೇಜಿಗೆ ಹೋಗುವ ಮಗ ಅಷ್ಟರಲ್ಲಿ ಮೂರನೆಯದೊಂದನ್ನು ತಯಾರಿಸಿರುತ್ತಾನೆ: ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಬೆಲೆ, ಫೋನ್ ನಂಬರು, ಏಳು ವಿಶೇಷಗಳು, ಮೂಲೆಯಲ್ಲಿ ಎಲ್ಲೋ ಒಂದು ಬಾಟಲಿ.

ಇದು ಮನೆ ಮನೆಯ ಜಗಳ. ದೊಡ್ಡ ಕಂಪನಿಗಳ ಮೀಟಿಂಗ್ ಕೋಣೆಯಲ್ಲೂ ಇದೇ ನಡೆಯುತ್ತದೆ, ಅಲ್ಲಿ ಕೊನೆಗೆ ಗೆಲ್ಲುವುದು ಸಾಮಾನ್ಯವಾಗಿ ಹೆಚ್ಚು ಸಂಬಳದವರ ಅಭಿರುಚಿ. ಆದರೆ ಈ ಜಗಳವನ್ನು ಗಿರಾಕಿಗಳ ಕೈಯಲ್ಲೇ ಬಗೆಹರಿಸಲು ಬರುತ್ತದೆ. ಎರಡೂ ಚಿತ್ರಗಳನ್ನು ಒಂದೇ ಬಗೆಯ ಜನರಿಗೆ, ಒಂದೇ ಕಾಲದಲ್ಲಿ, ಒಂದೇ ಖರ್ಚಿನಲ್ಲಿ ತೋರಿಸಿ ಯಾವುದರಿಂದ ಆರ್ಡರ್ ಬಂತೆಂದು ಎಣಿಸುವುದು. ಕೇಳಲು ಸರಳ. ಎಣಿಸುವಲ್ಲಿ ಮೋಸ ಹೋಗುವ ಜಾಗಗಳು ಮಾತ್ರ ಬೇಕಾದಷ್ಟಿವೆ.

ಮೊದಲು ಆ ಎರಡು ಚಿತ್ರಗಳು ಏನು ಕೆಲಸ ಮಾಡುತ್ತವೆ ಎಂದು ನೋಡೋಣ. ಬಾಟಲಿಯೊಂದೇ ಇರುವ ಚಿತ್ರ ‘ಇದು ಏನು’ ಎಂಬುದಕ್ಕೆ ಉತ್ತರ ಕೊಡುತ್ತದೆ. ಹೆಸರು, ಮುಚ್ಚಳ, ಒಳಗಿನ ಬಣ್ಣ ಎಲ್ಲ ಕಾಣುತ್ತದೆ. ಅಪ್ಪೆಮಿಡಿಯ ಹೆಸರು ಗೊತ್ತಿದ್ದು, ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿರುವವರಿಗೆ ಅಷ್ಟು ಸಾಕು. ಎಲೆಯ ಮೇಲಿನ ಚಿತ್ರ ‘ಇದು ನನಗೆ ಯಾಕೆ’ ಎಂಬುದಕ್ಕೆ ಉತ್ತರಿಸುತ್ತದೆ. ತೊಟ್ಟು ಸಮೇತ ಇಡೀ ಮಿಡಿ ಮೊಸರನ್ನದ ಪಕ್ಕ ಮಲಗಿದ್ದರೆ, ಕೆಂಪು ರಸ ಅನ್ನಕ್ಕೆ ಸ್ವಲ್ಪ ಹಬ್ಬಿದ್ದರೆ, ಊಟದ ಹೊತ್ತಿನಲ್ಲಿ ಫೋನ್ ಸರಿಸುತ್ತಿದ್ದ ಬೆರಳು ನಿಲ್ಲುತ್ತದೆ. ಮಿಡಿ ಎಷ್ಟು ದೊಡ್ಡದು ಎಂಬುದೂ ಅನ್ನದ ಪಕ್ಕ ಇಟ್ಟಾಗಲೇ ತಿಳಿಯುವುದು. ಆದರೆ ಅತ್ತಿಗೆಯ ಆತಂಕದಲ್ಲೂ ಹುರುಳಿದೆ. ಬಳಕೆಯ ಸಂದರ್ಭ ತೋರಿಸುವ ಚಿತ್ರಗಳ ದೊಡ್ಡ ರೋಗವೇ ಮಾರುವ ವಸ್ತು ಅದರಲ್ಲಿ ಕಳೆದುಹೋಗುವುದು. ಎಲೆ, ಹಪ್ಪಳ, ತಂಬುಳಿ, ಹಿನ್ನೆಲೆಯ ಜಗುಲಿ ಎಲ್ಲ ಸೇರಿ ಚಿತ್ರ ಚೆಂದವಾಗುತ್ತದೆ. ಉಪ್ಪಿನಕಾಯಿ ಮೂಲೆ ಸೇರುತ್ತದೆ. ಇದನ್ನು ಪರೀಕ್ಷಿಸಲು ದುಡ್ಡು ಬೇಡ. ವಿಷಯ ಗೊತ್ತಿಲ್ಲದ ಒಬ್ಬರಿಗೆ ಫೋನಿನಲ್ಲಿ ಆ ಚಿತ್ರವನ್ನು ಎರಡು ಸೆಕೆಂಡು ತೋರಿಸಿ, ಫೋನ್ ತಿರುಗಿಸಿ, “ಏನು ಮಾರ್ತಿದಾರೆ?” ಎಂದು ಕೇಳಿ. “ಹೋಟೆಲ್ ಊಟ” ಎಂದರೆ ಆ ಚಿತ್ರವನ್ನು ಪರೀಕ್ಷೆಗೆ ಇಳಿಸುವ ಮೊದಲೇ ಮತ್ತೆ ತೆಗೆಯಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕೆಲವು ಕಡೆ ಈ ಆಯ್ಕೆಯೇ ನಮಗಿಲ್ಲ. ಅಮೆಜಾನ್‌ನಲ್ಲಿ ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ ಇರಬೇಕು, ವಸ್ತು ಚೌಕಟ್ಟಿನ ಶೇ 85ರಷ್ಟನ್ನು ತುಂಬಬೇಕು, ಮೇಲೆ ಬರಹ ಹಾಕುವಂತಿಲ್ಲ. ಅಲ್ಲಿಗೆ ಬರುವವರು ಉಪ್ಪಿನಕಾಯಿಯನ್ನೇ ಹುಡುಕಿಕೊಂಡು ಬಂದವರು, ಹಾಗಾಗಿ ಆ ನಿಯಮಕ್ಕೆ ಅರ್ಥವಿದೆ. ನಮ್ಮ ಜಗಳ ಇರುವುದು ಏನನ್ನೂ ಹುಡುಕದೆ ನೆಂಟರ ಮದುವೆ ಫೋಟೊ ನೋಡುತ್ತಿದ್ದವರ ಮುಂದೆ ಹೋಗಿ ನಿಲ್ಲುವ ಜಾಹೀರಾತಿನದು.

ಪರೀಕ್ಷೆ ಎಂದ ಮೇಲೆ ಎರಡು ಚಿತ್ರಗಳ ನಡುವೆ ಒಂದೇ ವ್ಯತ್ಯಾಸವಿರಬೇಕು. ಇದನ್ನು ಎಲ್ಲರೂ ಒಪ್ಪುತ್ತಾರೆ, ಯಾರೂ ಪಾಲಿಸುವುದಿಲ್ಲ. ಬಾಟಲಿಯ ಚಿತ್ರವನ್ನು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದು, ಎಲೆಯ ಚಿತ್ರವನ್ನು ಬೆಳಗಿನ ಬಿಸಿಲಲ್ಲಿ ತೆಗೆದರೆ ಗೆದ್ದದ್ದು ಎಲೆಯೋ ಬೆಳಕೋ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಹೊತ್ತಿನಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ತೆಗೆಯಿರಿ. ಗಾಜಿನ ಬಾಟಲಿ ಫೋಟೊಕ್ಕೆ ಬಹಳ ಕಾಟ ಕೊಡುವ ವಸ್ತು. ಕಿಟಕಿ, ತೆಗೆಯುವವರ ಕೈ, ಫೋನು ಎಲ್ಲವೂ ಅದರಲ್ಲಿ ಪ್ರತಿಫಲಿಸುತ್ತವೆ. ಕಿಟಕಿಯ ಎದುರು ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ನೆರಳಿನ ಕಡೆ ತಿಳಿಯಾಗುತ್ತದೆ. ಫೋನನ್ನು ಹತ್ತಿರ ಹಿಡಿದರೆ ಬಾಟಲಿಯ ಹೊಟ್ಟೆ ಉಬ್ಬಿದಂತೆ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು, ಎರಡುಪಟ್ಟು ಜೂಮ್ ಮಾಡಿ ತೆಗೆದರೆ ಆಕಾರ ಸರಿಯಿರುತ್ತದೆ. ಎರಡೂ ಚಿತ್ರ ಒಂದೇ ಅಳತೆಯದಿರಲಿ. ಫೋನಿನಲ್ಲಿ ಹೆಚ್ಚು ಜಾಗ ಹಿಡಿಯುವ ನಾಲ್ಕಕ್ಕೆ ಐದರ ಅಳತೆ, ಅಂದರೆ 1080ಕ್ಕೆ 1350 ಪಿಕ್ಸೆಲ್, ಇದಕ್ಕೆ ಒಳ್ಳೆಯದು. ಚಿತ್ರದ ಮೇಲಿನ ಸಾಲು, ಕೆಳಗಿನ ಬಟನ್, ಬೆಲೆ, ಕೊಡುಗೆ ಎಲ್ಲ ಒಂದೇ. ಈ ಸುತ್ತಿನಲ್ಲಿ ಚಿತ್ರದ ಮೇಲೆ ಬರಹವೇ ಬೇಡ.

ಈಗ ಎಣಿಕೆಯ ವ್ಯವಸ್ಥೆ. ನಮ್ಮ ಶಿರಸಿ ಮನೆಯವರಿಗೆ ವೆಬ್‌ಸೈಟ್ ಇಲ್ಲ, ಆರ್ಡರ್ ಬರುವುದು ವಾಟ್ಸ್‌ಆ್ಯಪ್‌ಗೆ. ಯಾವ ಚಿತ್ರ ನೋಡಿ ಬಂದವರು ಎಂದು ತಿಳಿಯುವುದು ಹೇಗೆ? ಇದಕ್ಕೆ ನೂರು ವರ್ಷ ಹಳೆಯ ಉಪಾಯವಿದೆ. ಅಮೆರಿಕದ ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ಜಾಹೀರಾತಿನ ಬಗ್ಗೆ ಬರೆದ ಪುಸ್ತಕದ ಮುಖ್ಯ ವಾದವೇ ಅದು: ಪ್ರತಿ ಜಾಹೀರಾತಿನ ಕೂಪನ್‌ಗೂ ಬೇರೆ ಬೇರೆ ಗುರುತು ಹಾಕಿ, ಅಂಚೆಯಲ್ಲಿ ವಾಪಸು ಬಂದವನ್ನು ಎಣಿಸಿ. ಇಂದು ಅದೇ ಕೆಲಸವನ್ನು ಗಿರಾಕಿ ಒತ್ತಿದ ಕೂಡಲೇ ಪೆಟ್ಟಿಗೆಯಲ್ಲಿ ತಾನೇ ಮೂಡುವ ಸಂದೇಶ ಮಾಡುತ್ತದೆ. ಒಂದು ಚಿತ್ರಕ್ಕೆ ಒಂದು ಗುರುತು:

```
https://wa.me/91XXXXXXXXXX?text=Appemidi%20A
https://wa.me/91XXXXXXXXXX?text=Appemidi%20B
```

ಫೇಸ್‌ಬುಕ್‌ನ ‘ವಾಟ್ಸ್‌ಆ್ಯಪ್‌ಗೆ ಸಂದೇಶ’ ಬಗೆಯ ಜಾಹೀರಾತಿನಲ್ಲೂ ಮೊದಲ ಸಂದೇಶವನ್ನು ನಾವೇ ಬರೆದಿಡಬಹುದು. ಒಂದು ನೋಟ್‌ಬುಕ್‌ನಲ್ಲಿ ಎ ಮತ್ತು ಬಿ ಎಂದು ಎರಡು ಕಂಬ ಎಳೆದು, ಎಷ್ಟು ಸಂದೇಶ ಬಂತು, ಎಷ್ಟು ಜನ ದುಡ್ಡು ಕಳಿಸಿದರು ಎಂದು ದಿನವೂ ಬರೆಯುವುದು. ಅಷ್ಟೇ.

ಜಾಹೀರಾತು ಓಡಿಸುವಾಗ ಹೆಚ್ಚಿನವರು ಜಾರುವ ಜಾಗ ಒಂದಿದೆ. ಎರಡು ಚಿತ್ರಗಳನ್ನು ಒಂದೇ ಗುಂಪಿನೊಳಗೆ ಹಾಕಿ, ಯಾವುದು ಗೆಲ್ಲುತ್ತದೋ ನೋಡೋಣ ಎಂದು ಬಿಡುತ್ತಾರೆ. ಆದರೆ ಮೆಟಾದ ಯಂತ್ರಕ್ಕೆ ನಮ್ಮ ಹಾಗೆ ತಾಳ್ಮೆಯಿಂದ ಹೋಲಿಸುವ ಉದ್ದೇಶವಿರುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಯಾವ ಚಿತ್ರಕ್ಕೆ ಹೆಚ್ಚು ಪ್ರತಿಕ್ರಿಯೆ ಬರಬಹುದು ಎಂದು ಅದು ಅಂದಾಜಿಸುತ್ತದೋ ಅದರ ಕಡೆಗೇ ಹಣ ಹರಿಸುತ್ತದೆ. ಇನ್ನೊಂದಕ್ಕೆ ಚಿಲ್ಲರೆ ಉಳಿಯುತ್ತದೆ. ವಾರದ ಕೊನೆಗೆ ಒಂದನ್ನು ಅರವತ್ತು ಸಾವಿರ ಸಲ ತೋರಿಸಲಾಗಿದೆ, ಇನ್ನೊಂದನ್ನು ನಾಲ್ಕು ಸಾವಿರ ಸಲ. ಇದನ್ನು ಗೆಲುವು ಸೋಲು ಎಂದು ಓದಲು ಬರುವುದಿಲ್ಲ. ಆ್ಯಡ್ಸ್ ಮ್ಯಾನೇಜರ್‌ನಲ್ಲೇ ‘ಎ/ಬಿ ಟೆಸ್ಟ್’ ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. ಅದು ಜನರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಒಂದೇ ಚಿತ್ರ ಕಾಣುವಂತೆ ನೋಡಿಕೊಳ್ಳುತ್ತದೆ, ಹಣವನ್ನೂ ಸಮನಾಗಿ ಹಂಚುತ್ತದೆ. ಅದನ್ನೇ ಬಳಸಿ. ಜೊತೆಗೆ ಚಿತ್ರದ ಬೆಳಕು ಬದಲಿಸುವ, ಕತ್ತರಿಸುವ, ಬರಹ ಸೇರಿಸುವ ಸ್ವಯಂಚಾಲಿತ ‘ಸುಧಾರಣೆ’ಗಳ ಸ್ವಿಚ್‌ಗಳಿರುತ್ತವೆ. ಪರೀಕ್ಷೆಯ ಕಾಲಕ್ಕೆ ಅವನ್ನೆಲ್ಲ ಆರಿಸಿ. ಇಲ್ಲದಿದ್ದರೆ ಗಿರಾಕಿ ನೋಡಿದ್ದು ನೀವು ಹಾಕಿದ ಚಿತ್ರವೇ ಆಗಿರಬೇಕೆಂದಿಲ್ಲ.

ಕಡಿಮೆಯೆಂದರೆ ಪೂರ್ತಿ ಒಂದು ವಾರ ಓಡಿಸಬೇಕು, ಏಕೆಂದರೆ ಸೋಮವಾರದ ಗಿರಾಕಿ ಬೇರೆ, ಭಾನುವಾರದವರು ಬೇರೆ. ಹಬ್ಬದ ವಾರ ಬೇಡ.

ಲೆಕ್ಕ ತಿಳಿಯಲು ಕೆಲವು ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ. ಮೂರು ಬಾಟಲಿಯ ಒಂದು ಕಟ್ಟು, ಸಾಗಾಟ ಸೇರಿ 900 ರೂಪಾಯಿ. ಮಾವು, ಮಸಾಲೆ, ಬಾಟಲಿ, ಕೊರಿಯರ್ ಎಲ್ಲ ಕಳೆದು ಜಾಹೀರಾತಿನ ಖರ್ಚಿಗೆ ಮೊದಲು ಕೈಯಲ್ಲಿ ಉಳಿಯುವುದು 400 ಎನ್ನೋಣ. ಒಂದೊಂದು ಚಿತ್ರಕ್ಕೆ 7,000 ರೂಪಾಯಿ ಹಾಕಿದರು. ಅದರ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಅಂದರೆ ನಿಜವಾಗಿ ಹೋದದ್ದು ತಲಾ 8,260. (ಈ ತೆರಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ‘ಲಾಭ’ ಕಂಡವರು ಬಹಳ ಜನ.) ವಾರದ ಕೊನೆಗೆ ನೋಟ್‌ಬುಕ್‌ನಲ್ಲಿ ಹೀಗಿದೆ: ಬಾಟಲಿಯ ಚಿತ್ರದಿಂದ 180 ಸಂದೇಶ, 19 ಆರ್ಡರ್. ಎಲೆಯ ಚಿತ್ರದಿಂದ 260 ಸಂದೇಶ, 22 ಆರ್ಡರ್.

ಮೈದುನ ಕುಣಿದಾಡುತ್ತಾನೆ. ಸಂದೇಶದಲ್ಲೂ ಗೆದ್ದೆ, ಆರ್ಡರಿನಲ್ಲೂ ಗೆದ್ದೆ ಎನ್ನುತ್ತಾನೆ. ಅರ್ಧ ಮಾತ್ರ ನಿಜ.

19 ಮತ್ತು 22ರ ವ್ಯತ್ಯಾಸ ಚಿತ್ರದಿಂದಲೇ ಬಂದದ್ದೋ ಸುಮ್ಮನೆ ಹಾಗೆ ಬಿದ್ದದ್ದೋ ಎಂದು ತಿಳಿಯಲು ಒಂದು ಕೈಲೆಕ್ಕವಿದೆ. ಎರಡೂ ಚಿತ್ರಕ್ಕೆ ಒಂದೇ ಖರ್ಚು, ಹೆಚ್ಚು ಕಡಿಮೆ ಅಷ್ಟೇ ಜನ ಇದ್ದಾಗ ಇದು ಚೆನ್ನಾಗಿ ನಡೆಯುತ್ತದೆ. ಎರಡು ಸಂಖ್ಯೆಗಳನ್ನು ಕೂಡಿಸಿ, ಮೊತ್ತದ ವರ್ಗಮೂಲ ತೆಗೆದು, ಅದನ್ನು ಇಮ್ಮಡಿ ಮಾಡಿ. ಎರಡರ ನಡುವಿನ ಅಂತರ ಅದಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸವನ್ನು ನಂಬಬಹುದು. ಕಡಿಮೆಯಿದ್ದರೆ ಏನೂ ಹೇಳಲಾಗದು. ಇದರ ಹಿಂದಿನ ತರ್ಕ ಕಷ್ಟದ್ದಲ್ಲ. ಎರಡು ಚಿತ್ರಗಳ ಬಲ ಸಮವಾಗಿದ್ದರೆ ಪ್ರತಿ ಆರ್ಡರೂ ನಾಣ್ಯ ಚಿಮ್ಮಿದಂತೆ ಈ ಕಡೆಗೋ ಆ ಕಡೆಗೋ ಬೀಳುತ್ತದೆ, ಅಷ್ಟು ಸಲ ಚಿಮ್ಮಿದಾಗ ಸಹಜವಾಗಿ ಬರುವ ಏರುಪೇರು ಸುಮಾರು ಆ ವರ್ಗಮೂಲದಷ್ಟಿರುತ್ತದೆ. ಅದರ ಎರಡರಷ್ಟು ದಾಟುವುದು ಅಪರೂಪ.

ಸಂದೇಶಗಳ ಲೆಕ್ಕ ಹಾಕೋಣ. 180 ಮತ್ತು 260 ಕೂಡಿದರೆ 440, ವರ್ಗಮೂಲ ಸುಮಾರು 21, ಇಮ್ಮಡಿ 42. ಅಂತರ 80. ಎಲೆಯ ಚಿತ್ರ ಹೆಚ್ಚು ಜನರನ್ನು ಮಾತಿಗೆ ಎಳೆದಿದೆ ಎಂಬುದರಲ್ಲಿ ಅನುಮಾನವಿಲ್ಲ. ಆರ್ಡರ್: 19 ಮತ್ತು 22 ಕೂಡಿದರೆ 41, ವರ್ಗಮೂಲ 6.4, ಇಮ್ಮಡಿ ಸುಮಾರು 13. ಅಂತರ ಬರೀ 3. ಇನ್ನೊಮ್ಮೆ ಓಡಿಸಿದರೆ ಇದೇ ಫಲಿತಾಂಶ ತಿರುವುಮುರುವಾಗಬಹುದು. ಒಂದು ಆರ್ಡರಿಗೆ ಬಿದ್ದ ಖರ್ಚು ಬಾಟಲಿಯಲ್ಲಿ 435 ರೂಪಾಯಿ, ಎಲೆಯಲ್ಲಿ 375. ಒಂದರಲ್ಲಿ 35 ನಷ್ಟ, ಇನ್ನೊಂದರಲ್ಲಿ 25 ಲಾಭ ಎಂದು ಕಾಣುತ್ತದೆ, ಆದರೆ ಆ ಗೆರೆಯನ್ನು ಎಳೆದಿರುವುದು ಮೂರೇ ಮೂರು ಆರ್ಡರ್‌ಗಳು.

ಇದರಲ್ಲಿ ಗಮನಿಸಬೇಕಾದ್ದು ಬೇರೆಯೇ ಇದೆ. ಎಲೆಯ ಚಿತ್ರ 80 ಹೆಚ್ಚು ಸಂದೇಶ ತಂದರೂ ಆರ್ಡರ್ ಸ್ಪಷ್ಟವಾಗಿ ಹೆಚ್ಚಲಿಲ್ಲ. ಹಾಗಾದರೆ ಆ ಹೆಚ್ಚುವರಿ ಜನ ಯಾರು? ಅವರ ಸಂದೇಶಗಳನ್ನು ಓದಿದರೆ ತಿಳಿಯುತ್ತದೆ. “ರೇಟ್ ಎಷ್ಟು?”, “ಇದು ಎಲ್ಲಿ ಹೋಟೆಲ್?”, “ಸಾಗರದಲ್ಲಿ ಸಿಗುತ್ತಾ?” ಬೆಲೆ ಹೇಳಿದ ಮೇಲೆ ಎರಡು ನೀಲಿ ಟಿಕ್ ಮೂಡುತ್ತದೆ, ಉತ್ತರವಿಲ್ಲ. ಹಸಿವು ಹುಟ್ಟಿಸುವ ಕೆಲಸವನ್ನು ಚಿತ್ರ ಚೆನ್ನಾಗಿಯೇ ಮಾಡಿದೆ. ಕೊಳ್ಳುವವರಿಗೆ ಬೇಕಾದ ಸಂಗತಿಯನ್ನು ಹೇಳಿಲ್ಲ. ಲೈಕ್, ಕ್ಲಿಕ್, ಸಂದೇಶಗಳನ್ನು ನೋಡಿ ಗೆಲುವು ಘೋಷಿಸುವವರು ಸೋಲುವುದು ಇಲ್ಲೇ. ಆ್ಯಡ್ಸ್ ಮ್ಯಾನೇಜರ್‌ನ ‘ಎಲ್ಲ ಕ್ಲಿಕ್‌ಗಳು’ ಎಂಬ ಅಂಕಣದಲ್ಲಿ ಲೈಕ್ ಒತ್ತಿದ್ದೂ, ‘ಇನ್ನಷ್ಟು’ ಎಂದು ತೆರೆದದ್ದೂ ಸೇರಿರುತ್ತದೆ. ಚೆಂದದ ಚಿತ್ರಕ್ಕೆ ಅದು ಧಾರಾಳವಾಗಿ ಅಂಕ ಕೊಡುತ್ತದೆ.

ಚಿತ್ರದ ಮೇಲಿನ ಬರಹದ ಪ್ರಶ್ನೆ ಹುಟ್ಟುವುದು ಇಲ್ಲಿಂದ. ಬರಹ ಎಷ್ಟಿರಬೇಕು ಎನ್ನುವುದನ್ನು ಚಿತ್ರ ಏನನ್ನು ಹೇಳಲಾಗದೆ ಬಿಟ್ಟಿದೆ ಎಂಬುದರಿಂದ ನಿರ್ಧರಿಸಬೇಕು. ಬಾಟಲಿಯ ಚಿತ್ರದಲ್ಲಿ ಲೇಬಲ್ಲೇ ಹೆಸರು ಹೇಳುತ್ತದೆ, ಆಸೆ ಹುಟ್ಟಿಸುವುದು ಬಾಕಿ. ಎಲೆಯ ಚಿತ್ರದಲ್ಲಿ ಆಸೆ ಇದೆ. ಏನು ಮಾರುತ್ತಾರೆ, ಎಷ್ಟು ಬೆಲೆ, ಮನೆಗೆ ಬರುತ್ತದೋ ಎಂಬುದು ಬಾಕಿ. ಆದ್ದರಿಂದ ಎಲೆಯ ಚಿತ್ರಕ್ಕೆ ಬೇಕಾದ್ದು ಒಂದೂವರೆ ಸಾಲು: ‘ಶಿರಸಿ ಅಪ್ಪೆಮಿಡಿ. 3 ಬಾಟಲಿ ₹900, ಮನೆ ಬಾಗಿಲಿಗೆ’. ಮಗನ ಪೋಸ್ಟರಿನ ಏಳು ವಿಶೇಷಗಳು ಇಲ್ಲಿ ಬೇಕಿಲ್ಲ, ಅವು ಚಿತ್ರದ ಮೇಲಿನ ವಿವರಣೆಯಲ್ಲೋ ವಾಟ್ಸ್‌ಆ್ಯಪ್ ಉತ್ತರದಲ್ಲೋ ಇರಲಿ.

ಬರಹದ ಅಳತೆಗೆ ಒಂದು ಕಾಲದಲ್ಲಿ ಫೇಸ್‌ಬುಕ್ ಕಾನೂನನ್ನೇ ಮಾಡಿತ್ತು. 2013ರಿಂದ ಜಾಹೀರಾತಿನ ಚಿತ್ರದಲ್ಲಿ ಶೇ 20ಕ್ಕಿಂತ ಹೆಚ್ಚು ಬರಹ ಇರುವಂತಿರಲಿಲ್ಲ. ಚಿತ್ರದ ಮೇಲೆ ಐದಕ್ಕೆ ಐದರ ಜಾಲರಿ ಹಾಕಿ, 25 ಚೌಕಗಳಲ್ಲಿ ಐದಕ್ಕಿಂತ ಹೆಚ್ಚು ಚೌಕಗಳಿಗೆ ಅಕ್ಷರ ತಾಗಿದರೆ ತಿರಸ್ಕಾರ. ಅಕ್ಷರವನ್ನು ಅರ್ಧ ಇಂಚು ಪಕ್ಕಕ್ಕೆ ಸರಿಸಿ ಚೌಕ ಉಳಿಸುವ ಚಮತ್ಕಾರವನ್ನು ಆ ಕಾಲದ ಡಿಸೈನರ್‌ಗಳೆಲ್ಲ ಕಲಿತಿದ್ದರು. 2016ರಲ್ಲಿ ತಿರಸ್ಕಾರದ ಬದಲು ಬರಹ ಹೆಚ್ಚಾದಷ್ಟೂ ಕಡಿಮೆ ಜನರಿಗೆ ತೋರಿಸುವ ಪದ್ಧತಿ ಬಂತು. 2020ರಲ್ಲಿ ಆ ದಂಡವೂ ಹೋಯಿತು. ಕಡಿಮೆ ಬರಹವೇ ಒಳ್ಳೆಯದು ಎಂಬ ಸಲಹೆ ಮಾತ್ರ ಉಳಿಯಿತು. ಇಂದಿಗೂ ‘ಇಪ್ಪತ್ತು ಪರ್ಸೆಂಟ್ ರೂಲ್ ಇದೆ ಸಾರ್’ ಎನ್ನುವ ಏಜೆಂಟರು ಸಿಗುತ್ತಾರೆ. ಈಗ ಅಂಥ ನಿಯಮವಿಲ್ಲ. ಮಿತಿ ಹಾಕುವುದು ಗಿರಾಕಿಯ ಕಣ್ಣು.

ಕನ್ನಡದಲ್ಲಿ ಆ ಮಿತಿ ಇನ್ನೂ ಬಿಗಿ. 1080 ಪಿಕ್ಸೆಲ್ ಅಗಲದ ಚಿತ್ರ ಫೋನಿನಲ್ಲಿ ಕಾಣುವುದು ಸುಮಾರು ಆರೂವರೆ ಸೆಂಟಿಮೀಟರ್ ಅಗಲದಲ್ಲಿ. ಲೆಕ್ಕ ಹಾಕಿದರೆ ಒಂದು ಮಿಲಿಮೀಟರಿಗೆ ಹದಿನಾರು ಹದಿನೇಳು ಪಿಕ್ಸೆಲ್. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ದಪ್ಪಗೆ ಕಂಡ 40 ಪಿಕ್ಸೆಲ್ ಎತ್ತರದ ಅಕ್ಷರ ಫೋನಿನಲ್ಲಿ ಎರಡೂವರೆ ಮಿಲಿಮೀಟರ್ ಆಗಿರುತ್ತದೆ. ಇಂಗ್ಲಿಷ್ ಅಕ್ಷರವಾದರೆ ಆ ಅಳತೆಯಲ್ಲೂ ಓದಿಸಿಕೊಳ್ಳುತ್ತದೆ. ನಮ್ಮ ‘ಉಪ್ಪಿನಕಾಯಿ’ಯಲ್ಲಿ ‘ಪ್ಪಿ’ ಇದೆ, ‘ಸಾಂಪ್ರದಾಯಿಕ’ದಲ್ಲಿ ‘ಪ್ರ’ ಇದೆ. ಒತ್ತು ಮೂಲ ಅಕ್ಷರದ ಅರ್ಧದಷ್ಟಿರುವುದರಿಂದ ಒಂದು ಮಿಲಿಮೀಟರಿನ ಆಸುಪಾಸಿಗೆ ಇಳಿದು, ಅಪ್‌ಲೋಡ್ ಆಗುವಾಗ ಚಿತ್ರ ಕುಗ್ಗಿದಾಗ ಮಸಿಯ ಚುಕ್ಕೆಯಾಗುತ್ತದೆ. ಎರಡು ಸಾಲು ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಮುಖ್ಯ ಸಾಲಿನ ಅಕ್ಷರ 70 ಪಿಕ್ಸೆಲ್ ಎತ್ತರಕ್ಕಿಂತ ಕಡಿಮೆಯಾಗಬಾರದು, ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಜಾಗ ಇರಬೇಕು. ಆ ಅಳತೆಯಲ್ಲಿ ಬರೆಯಲು ಕೂತರೆ ಒಂದು ಸಾಲಿಗೆ ಮೂರೋ ನಾಲ್ಕೋ ಪದ ಹಿಡಿಯುತ್ತದೆ. ಏಳು ವಿಶೇಷಗಳ ಪೋಸ್ಟರು ತಾನಾಗಿಯೇ ಸ್ಪರ್ಧೆಯಿಂದ ಹೊರಗೆ.

ಇದನ್ನೂ ದುಡ್ಡಿಲ್ಲದೆ ಪರೀಕ್ಷಿಸಬಹುದು. ಚಿತ್ರವನ್ನು ಫೋನಿಗೆ ಕಳಿಸಿಕೊಂಡು, ಅಂಗಳದ ಬಿಸಿಲಿಗೆ ಹೋಗಿ, ತೋಳಿನಷ್ಟು ದೂರ ಹಿಡಿದು, ಕನ್ನಡಕವಿರುವ ಹಿರಿಯರೊಬ್ಬರಿಗೆ ಓದಲು ಹೇಳಿ. ಸ್ಟೋರಿಯ ಉದ್ದ ಚೌಕಟ್ಟಿಗೆ ಬೇರೆ ಚಿತ್ರ ಮಾಡುವುದಾದರೆ ಮೇಲಿನ ಶೇ 14 ಮತ್ತು ಕೆಳಗಿನ ಶೇ 20 ಜಾಗದಲ್ಲಿ ಏನನ್ನೂ ಬರೆಯಬೇಡಿ. ಅಲ್ಲಿ ಖಾತೆಯ ಹೆಸರು, ಬಟನ್‌ಗಳು ಬಂದು ಕೂರುತ್ತವೆ, ನಿಮ್ಮ ಬೆಲೆ ಅದರ ಹಿಂದೆ ಅಡಗುತ್ತದೆ.

ಎರಡನೆಯ ಪರೀಕ್ಷೆಗೆ ಬರೋಣ. ಅದೇ ಎಲೆಯ ಚಿತ್ರ, ಒಂದರಲ್ಲಿ ಬರಹವಿಲ್ಲ, ಇನ್ನೊಂದರಲ್ಲಿ ಆ ಒಂದೂವರೆ ಸಾಲು. ಅದೇ ಖರ್ಚು, ಅದೇ ಒಂದು ವಾರ. ಫಲಿತಾಂಶ ಹೀಗೆ ಬಂತು ಎನ್ನೋಣ: ಬರಹವಿಲ್ಲದ್ದಕ್ಕೆ 248 ಸಂದೇಶ, 21 ಆರ್ಡರ್. ಬೆಲೆ ಬರೆದದ್ದಕ್ಕೆ 149 ಸಂದೇಶ, 26 ಆರ್ಡರ್. ಕೈಲೆಕ್ಕ ಹಾಕಿದರೆ ಸಂದೇಶಗಳು ಕಡಿಮೆಯಾದದ್ದು ಖಂಡಿತ ನಿಜ. ಅಂತರ 99, ಮಿತಿ 40. ಆರ್ಡರ್ ಹೆಚ್ಚಾದದ್ದನ್ನು ನಂಬುವಂತಿಲ್ಲ. ಅಂತರ 5, ಮಿತಿ ಸುಮಾರು 14.

ಹಾಗಿದ್ದರೂ ಇಲ್ಲಿ ತೀರ್ಮಾನ ಕಷ್ಟವಿಲ್ಲ. ಆರ್ಡರ್ ಕಡಿಮೆಯಾದಂತೆ ಕಾಣುತ್ತಿಲ್ಲ, ಉತ್ತರ ಬರೆಯಬೇಕಾದ ಸಂದೇಶ ಮಾತ್ರ ವಾರಕ್ಕೆ ನೂರರಷ್ಟು ಇಳಿದಿದೆ. ಅಡುಗೆಮನೆಯಲ್ಲಿ ಮಸಾಲೆ ಹುರಿಯುತ್ತಾ ಮಧ್ಯೆ ಮಧ್ಯೆ ಫೋನ್ ನೋಡುವ ಹೆಂಗಸಿಗೆ ಇದು ಸಣ್ಣ ಉಳಿತಾಯವಲ್ಲ. ಬೆಲೆ ನೋಡಿ ಸುಮ್ಮನೆ ಮುಂದೆ ಹೋದವರು, ಬೆಲೆ ಕೇಳಿದ ಮೇಲೆ ಹೇಗೂ ಹೋಗುತ್ತಿದ್ದವರೇ. ಬೆಲೆಯ ಸಾಲು ಉಳಿಯಲಿ.

ಇಲ್ಲೊಂದು ವಿಚಿತ್ರ ನೋಡಿ. ಈ ಜಾಹೀರಾತನ್ನು ‘ಹೆಚ್ಚು ಸಂದೇಶ ತರಿಸು’ ಎಂಬ ಗುರಿಯಿಟ್ಟು ಓಡಿಸಿದ್ದರೆ, ಮೆಟಾದ ಯಂತ್ರದ ಕಣ್ಣಿಗೆ ಬೆಲೆಯ ಚಿತ್ರ ಹೀನಾಯವಾಗಿ ಸೋತಿದೆ. 149ಕ್ಕಿಂತ 248 ದೊಡ್ಡದು, ಅಷ್ಟೇ ಅದಕ್ಕೆ ಗೊತ್ತಿರುವುದು. ಪೆಟ್ಟಿಗೆಯೊಳಗೆ ನಡೆದ ಮಾತುಕತೆ, ಯುಪಿಐಯಲ್ಲಿ ಬಂದ ಹಣ ಅದಕ್ಕೆ ಕಾಣುವುದಿಲ್ಲ. ಎರಡನ್ನೂ ಒಂದೇ ಗುಂಪಿಗೆ ಹಾಕಿದ್ದರೆ ಎರಡೇ ದಿನದಲ್ಲಿ ಬೆಲೆಯಿಲ್ಲದ ಚಿತ್ರಕ್ಕೆ ಹಣವೆಲ್ಲ ಹರಿದು, ‘ರೇಟ್ ಎಷ್ಟು’ ಎಂಬ ಮಳೆ ಸುರಿಯುತ್ತಿತ್ತು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ತೋರುವ ವಿಜೇತನಿಗೂ ನೋಟ್‌ಬುಕ್ಕಿನ ವಿಜೇತನಿಗೂ ಸಂಬಂಧ ಇರಲೇಬೇಕೆಂದಿಲ್ಲ.

ಸಣ್ಣ ವ್ಯಾಪಾರಿಗಳು ಏನನ್ನು ಪರೀಕ್ಷಿಸಬಾರದು ಎಂಬುದನ್ನೂ ಆ ಕೈಲೆಕ್ಕವೇ ಹೇಳುತ್ತದೆ. ಒಂದು ಚಿತ್ರ ಇನ್ನೊಂದಕ್ಕಿಂತ ಒಂದೂವರೆ ಪಟ್ಟು ಒಳ್ಳೆಯದಿದ್ದರೆ ಅದು ಗೊತ್ತಾಗಲು 40 ಮತ್ತು 60 ಆರ್ಡರ್‌ವರೆಗೆ ಕಾಯಬೇಕು. ಕೂಡಿದರೆ 100, ವರ್ಗಮೂಲ 10, ಇಮ್ಮಡಿ 20. ಅಂತರವೂ 20, ಅಂಚಿನಲ್ಲಿ ನಿಂತಿದೆ. ಶೇ 10ರಷ್ಟು ಮಾತ್ರ ಒಳ್ಳೆಯದಿದ್ದರೆ? 840 ಮತ್ತು 924 ಆರ್ಡರ್ ಬೇಕು. ಅಷ್ಟು ಉಪ್ಪಿನಕಾಯಿ ಆ ಮನೆಯಲ್ಲಿ ಇಡೀ ವರ್ಷಕ್ಕೆ ಇರುವುದಿಲ್ಲ. ಆದ್ದರಿಂದ ಅಕ್ಷರ ಕೆಂಪೋ ಮೆರೂನೋ, ಬಾಟಲಿ ಎಡಕ್ಕೋ ಬಲಕ್ಕೋ ಎಂಬ ಪರೀಕ್ಷೆಗಳು ದೊಡ್ಡ ಕಂಪನಿಗಳಿಗೆ ಸರಿ. ಸಣ್ಣವರು ಎದ್ದು ಕಾಣುವ ವ್ಯತ್ಯಾಸಗಳನ್ನೇ ಹೋಲಿಸಬೇಕು: ಬಾಟಲಿ ಅಥವಾ ಎಲೆ, ಬೆಲೆ ಇದೆ ಅಥವಾ ಇಲ್ಲ, ಕನ್ನಡ ಅಕ್ಷರ ಅಥವಾ ಇಂಗ್ಲಿಷ್ ಅಕ್ಷರ. ಕೊನೆಯದು ಪುಣೆ, ಮುಂಬೈಗಳಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಮಾರುವಾಗ ಬಹಳ ಮುಖ್ಯವಾಗುತ್ತದೆ. ಅವರಲ್ಲಿ ಅನೇಕರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದುವುದು ತಡವರಿಸುತ್ತಾ. ‘ಅಪ್ಪೆಮಿಡಿ’ ಎಂಬ ಹೆಸರು ಅವರಿಗೆ ಕಿವಿಗೆ ಪರಿಚಿತ, ಕಣ್ಣಿಗೆ ಅಲ್ಲ.

ಇನ್ನು, ಮೂರನೆಯ ದಿನವೇ ಒಂದು ಮುಂದಿದೆ ಎಂದು ಪರೀಕ್ಷೆ ನಿಲ್ಲಿಸಬೇಡಿ. ದಿನವೂ ಇಣುಕಿ, ಅಂತರ ಮಿತಿ ದಾಟಿದ ಕೂಡಲೇ ನಿಲ್ಲಿಸುವವರಿಗೆ ಸುಳ್ಳು ವಿಜೇತರು ಸಿಗುವ ಸಂಭವ ಬಹಳ ಹೆಚ್ಚು, ಏಕೆಂದರೆ ಸಮಬಲದ ಎರಡು ಚಿತ್ರಗಳಲ್ಲೂ ಯಾವುದೋ ಒಂದು ದಿನ ಒಂದು ಮುಂದೆ ಓಡಿಯೇ ಓಡುತ್ತದೆ. ಎಷ್ಟು ದಿನ, ಎಷ್ಟು ಹಣ ಎಂದು ಮೊದಲೇ ಬರೆದಿಟ್ಟು ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕು. ಗೆದ್ದ ಚಿತ್ರವೂ ಚಿರಂಜೀವಿಯಲ್ಲ. ಒಬ್ಬರೇ ಅದನ್ನು ಮತ್ತೆ ಮತ್ತೆ ನೋಡಿದ ಹಾಗೆ ಪ್ರತಿಕ್ರಿಯೆ ಸೊರಗುತ್ತದೆ. ಆ್ಯಡ್ಸ್ ಮ್ಯಾನೇಜರ್‌ನಲ್ಲಿ ‘ಫ್ರೀಕ್ವೆನ್ಸಿ’ ಎಂಬ ಅಂಕಣ ಏರುತ್ತಾ ಆರ್ಡರ್ ಇಳಿಯುತ್ತಿದ್ದರೆ ಚಿತ್ರ ಹಳಸಿದೆ ಎಂದೇ ಅರ್ಥ. ಒಮ್ಮೆ ವಿಚಾರಿಸಿ ಹೋದವರಿಗೆ ಮತ್ತೆ ತೋರಿಸುವಾಗ ಅತ್ತಿಗೆಯ ಬಾಟಲಿಗೂ ಒಂದು ಅವಕಾಶ ಕೊಡಿ. ಆಸೆ ಈಗಾಗಲೇ ಹುಟ್ಟಿರುವವರಿಗೆ ಬೇಕಾದ್ದು ಗುರುತು, ನಂಬಿಕೆ. ಅಲ್ಲಿ ಬಾಟಲಿ ಗೆದ್ದರೆ ಆಶ್ಚರ್ಯವಿಲ್ಲ, ಆದರೆ ಅದನ್ನೂ ಬೇರೆಯಾಗಿ ಪರೀಕ್ಷಿಸಿಯೇ ಹೇಳಬೇಕು. ಉಪ್ಪಿನಕಾಯಿಯಲ್ಲಿ ಬಂದ ಉತ್ತರವನ್ನು ಸೀರೆಗೆ ಒಯ್ಯುವುದಂತೂ ಬೇಡ. ಇಳಕಲ್ ಸೀರೆಯ ಅಂಚು, ಸೆರಗು ಮಡಿಸಿಟ್ಟಾಗ ಒಂದು ರೀತಿ ಕಾಣುತ್ತದೆ, ಉಟ್ಟಾಗ ಇನ್ನೊಂದು ರೀತಿ. ಅಲ್ಲಿ ಗಿರಾಕಿಯ ಪ್ರಶ್ನೆಗಳೇ ಬೇರೆ.

ಮುಂದಿನ ಸಲ ಜಾಹೀರಾತಿಗೆ ದುಡ್ಡು ಹಾಕುವ ಮೊದಲು ಮೂರು ಕೆಲಸ ಮಾಡಿ: ಎರಡೂ ಚಿತ್ರಗಳ ಸಂದೇಶಕ್ಕೆ ಬೇರೆ ಬೇರೆ ಗುರುತು ಹಾಕಿ, ಜಿಎಸ್‌ಟಿ ಸೇರಿಸಿ ಒಂದು ಆರ್ಡರಿಗೆ ಗರಿಷ್ಠ ಎಷ್ಟು ಖರ್ಚು ತಡೆದುಕೊಳ್ಳಬಹುದೆಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ, ಪರೀಕ್ಷೆ ಮುಗಿಯುವ ತಾರೀಕನ್ನು ಅದರ ಕೆಳಗೆ ಬರೆಯಿರಿ. ಆಮೇಲೆ ಜಗಳವಾಡಿ.